ಸಿಮಾಸ್ ಬ್ಯಾಟರಿ ಸತ್ತಾಗ ಕಂಪ್ಯೂಟರಿನ ಬೀಗ ಸದ್ದಿಲ್ಲದೆ ತೆರೆದುಕೊಳ್ಳುವುದೇಕೆ: ಪತ್ತೆ ಮಾಡುವ ಮತ್ತು ಸರಿಪಡಿಸುವ ಕ್ರಮ

ಜುಲೈ, ಆಗಸ್ಟಿನ ನಡುವೆ ಬರುವ ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಪೊನ್ನಂಪೇಟೆಯ ಕಡೆಯ ಒಂದು ಕಾಫಿ ತೋಟದ ಕಚೇರಿಗೆ ಎರಡು ದಿನ ಕರೆಂಟ್ ಇರಲಿಲ್ಲ. ತಂತಿಯ ಮೇಲೆ ಮರ ಬಿದ್ದಿತ್ತು, ಯುಪಿಎಸ್ ಮೊದಲ ಗಂಟೆಯಲ್ಲೇ ಬರಿದಾಗಿತ್ತು. ಕರೆಂಟ್ ಬಂದ ದಿನ ತೋಟದ ರೈಟರ್ ಕಂಪ್ಯೂಟರ್ ಹಾಕಿದಾಗ ಕಪ್ಪು ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬರಹ ಮೂಡಿ, ಮುಂದುವರಿಯಲು `F1` ಒತ್ತಬೇಕೆಂದು ಸೂಚಿಸಿತು. ಅವರು ಒತ್ತಿದರು, ಮುಂದೆ ಬಂದ ಪುಟದಿಂದ ಹೊರಬಂದರು, ವಿಂಡೋಸ್ ಎಂದಿನಂತೆ ತೆರೆದುಕೊಂಡಿತು. ದಿನಾಂಕ ಮಾತ್ರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರಿಂದ ಬ್ಯಾಂಕಿನ ಪುಟ ತೆರೆಯಲಿಲ್ಲ. ಅವರು ದಿನಾಂಕವನ್ನು ಕೈಯಿಂದ ತಿದ್ದಿ ಆಳುಗಳ ಬಟವಾಡೆ ಲೆಕ್ಕಕ್ಕೆ ಕುಳಿತರು.

ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಪ್ರಿಂಟರ್ ದುರಸ್ತಿಗೆಂದು ನಾನು ಅಲ್ಲಿಗೆ ಹೋದೆ. ಕಂಪ್ಯೂಟರ್ ಶುರುವಾಗುವಾಗ ಬೇರೊಂದು ಕಾರಣಕ್ಕೆ `Del` ಕೀಲಿ ಒತ್ತಿದೆ. ಹಿಂದಿನ ವರ್ಷ ನಾನೇ ಇಟ್ಟಿದ್ದ ಪಾಸ್‌ವರ್ಡ್ ಕೇಳದೆಯೇ ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ಬಯೋಸ್‌ನ ಸೆಟ್ಟಿಂಗ್ ಪುಟ ತೆರೆದುಕೊಂಡಿತು. ಪೆನ್ ಡ್ರೈವ್‌ನಿಂದ ಶುರುವಾಗಬಾರದೆಂದು ಮುಚ್ಚಿದ್ದ ದಾರಿ ತೆರೆದಿತ್ತು, ನಂಬಿಕೆಯ ಸಹಿಯಿರುವ ವ್ಯವಸ್ಥೆಯನ್ನಷ್ಟೇ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಬಂದ್ ಆಗಿತ್ತು. ರೈಟರನ್ನು ಕೇಳಿದಾಗ, "ಡೇಟ್ ಒಂದೇ ತಪ್ಪಾಗಿದ್ದು ಸಾರ್, ಅದನ್ನು ನಾನೇ ಸರಿ ಮಾಡಿದ್ದೇನೆ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ದಿನಾಂಕ ಒಂದೇ. ಅದೇ ಗಳಿಗೆಯಲ್ಲಿ ಅದೇ ಕಾರಣದಿಂದ ಅಳಿಸಿಹೋದ ಉಳಿದ ಸೆಟ್ಟಿಂಗ್‌ಗಳನ್ನು ತೋರಿಸುವ ಯಾವ ಗುರುತೂ ಪರದೆಯ ಮೇಲೆ ಉಳಿದಿರಲಿಲ್ಲ.

ಬ್ಯಾಟರಿ ಸತ್ತರೆ ಸೆಟ್ಟಿಂಗ್ ಏಕೆ ಅಳಿಯುತ್ತದೆ

ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಾಣುವ, ಸಿಮಾಸ್ ಬ್ಯಾಟರಿ ಎಂದು ಕರೆಯುವ ಒಂದು ಲಿಥಿಯಂ ಸೆಲ್ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಸಿಆರ್ 2032 ಎಂದು ಕೆತ್ತಿರುತ್ತದೆ, ಅಂದರೆ 20 ಮಿಲಿಮೀಟರ್ ಅಗಲ ಮತ್ತು 3.2 ಮಿಲಿಮೀಟರ್ ದಪ್ಪದ 3 ವೋಲ್ಟಿನ ಸೆಲ್. 1984ರಲ್ಲಿ ಐಬಿಎಂ ಕಂಪನಿಯ ಪಿಸಿ ಎಟಿ ಬಂದಾಗ ಗಡಿಯಾರ ಮತ್ತು ಸೆಟ್ಟಿಂಗ್‌ಗಳನ್ನು ಒಂದೇ ಚಿಪ್ಪಿನಲ್ಲಿ ಇಟ್ಟು, ಅದನ್ನು ಬ್ಯಾಟರಿಯಿಂದ ಜೀವಂತವಾಗಿರಿಸುವ ಏರ್ಪಾಡು ಮಾಡಲಾಯಿತು. ಆ ಚಿಪ್ಪಿನಲ್ಲಿದ್ದ ಜಾಗ ಬರೀ 64 ಬೈಟ್. ಅದರಲ್ಲಿ 14 ಬೈಟ್ ಗಡಿಯಾರಕ್ಕೆ, ಉಳಿದ 50 ಬೈಟ್ ಯಂತ್ರದ ಸೆಟ್ಟಿಂಗ್‌ಗಳಿಗೆ ಮೀಸಲಾಗಿತ್ತು. ಗಡಿಯಾರವೂ ಸೆಟ್ಟಿಂಗೂ ಒಂದೇ ಸೆಲ್ಲನ್ನು ನಂಬಿ ಬದುಕುವ ಈ ಸಂಬಂಧದ ನೆರಳು ಇಂದಿನ ಯಂತ್ರಗಳಲ್ಲೂ ಇದೆ.

ಆದರೆ ಹೊಸ ಬೋರ್ಡುಗಳಲ್ಲಿ ಸೆಟ್ಟಿಂಗ್‌ಗಳು ಬಹುಮಟ್ಟಿಗೆ ಫ್ಲಾಶ್ ಚಿಪ್ಪಿನಲ್ಲಿ ಬರೆದಿರುತ್ತವೆ, ಮತ್ತು ಫ್ಲಾಶ್ ಚಿಪ್ಪಿಗೆ ಬರೆದದ್ದನ್ನು ಉಳಿಸಿಕೊಳ್ಳಲು ಬ್ಯಾಟರಿಯೇ ಬೇಡ. ಹಾಗಿದ್ದೂ ಅವು ಮೂಲಸ್ಥಿತಿಗೆ ಹೋಗುವುದೇಕೆಂಬುದೇ ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ. ಬಯೋಸ್ ಪಾಸ್‌ವರ್ಡ್ ಮರೆತವರಿಗೆ ಅಥವಾ ತಪ್ಪು ಸೆಟ್ಟಿಂಗಿನಿಂದ ಯಂತ್ರ ಶುರುವಾಗದೆ ನಿಂತವರಿಗೆ ಬೋರ್ಡು ತಯಾರಕರು ಒಂದು ದಾರಿ ಇಟ್ಟಿರುತ್ತಾರೆ: ಬೋರ್ಡಿನ ಮೇಲಿನ ಎರಡು ಪಿನ್ನುಗಳನ್ನು ಕ್ಷಣಕಾಲ ಸೇರಿಸಿದರೆ ಅಥವಾ ಸೆಲ್ ತೆಗೆದಿಟ್ಟರೆ ಎಲ್ಲವೂ ಮೂಲಸ್ಥಿತಿಗೆ ಮರಳುತ್ತದೆ. ಚಿಪ್‌ಸೆಟ್ಟಿನೊಳಗೆ ಗಡಿಯಾರದ ಭಾಗಕ್ಕೆ ಹೋಗುವ ವಿದ್ಯುತ್ ಒಮ್ಮೆ ತಪ್ಪಿತ್ತೇ ಎಂಬುದನ್ನು ದಾಖಲಿಸುವ ಒಂದು ಗುರುತು ಇರುತ್ತದೆ. ಯಂತ್ರ ಶುರುವಾಗುವಾಗ ಬಯೋಸ್ ಆ ಗುರುತನ್ನು ನೋಡುತ್ತದೆ, ಅದು ಎದ್ದಿದ್ದರೆ ಯಜಮಾನನೇ ಎಲ್ಲವನ್ನೂ ಅಳಿಸಲು ಬಯಸಿದ್ದಾನೆಂದು ತಿಳಿದು ಮೂಲ ಸೆಟ್ಟಿಂಗ್‌ಗಳನ್ನು ತುಂಬುತ್ತದೆ. ಮನುಷ್ಯ ಬೇಕೆಂದೇ ಪಿನ್ ಸೇರಿಸಿದ್ದಕ್ಕೂ ಸೆಲ್ ತಾನಾಗಿ ಸತ್ತದ್ದಕ್ಕೂ ಅದರ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಎರಡೂ ಸಂದರ್ಭದಲ್ಲಿ ಏಳುವುದು ಅದೇ ಒಂದು ಗುರುತು.

ಮೂಲ ಸೆಟ್ಟಿಂಗ್ ಎಂಬುದು ಯಾವ ಕಂಪ್ಯೂಟರಿನಲ್ಲಾದರೂ ಯಾವ ವ್ಯವಸ್ಥೆಯಾದರೂ ಶುರುವಾಗಲಿ ಎಂಬ ಉದ್ದೇಶದಿಂದ ಆಯ್ದದ್ದು. ಆದ್ದರಿಂದ ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಯುಎಸ್‌ಬಿ ದಾರಿಗಳೆಲ್ಲ ತೆರೆದಿರುತ್ತವೆ, ಹಳೆಯ ಬೋರ್ಡುಗಳಲ್ಲಿ ಸೆಕ್ಯೂರ್ ಬೂಟ್ ನಿಂತಿರುತ್ತದೆ, ಗೂಢಲಿಪಿಯ ಕೀಗಳನ್ನು ಕಾಯುವ, ಪ್ರೊಸೆಸರಿನೊಳಗಿನ ಟಿಪಿಎಂ ಕೂಡ ಎಷ್ಟೋ ಬೋರ್ಡುಗಳಲ್ಲಿ ಮುಚ್ಚಿರುತ್ತದೆ. ಒಂದು ಅಪವಾದ ಹೇಳಬೇಕು: ಕಚೇರಿ ಬಳಕೆಗೆಂದೇ ತಯಾರಾಗುವ ಅನೇಕ ಲ್ಯಾಪ್‌ಟಾಪುಗಳು ಪಾಸ್‌ವರ್ಡನ್ನು ಬೇರೆ ಚಿಪ್ಪಿನಲ್ಲಿ ಇಡುವುದರಿಂದ ಸೆಲ್ ಸತ್ತರೂ ಅದು ಉಳಿಯುತ್ತದೆ. ಅಂಗಡಿಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪುಗಳಲ್ಲಿ ಆ ಭರವಸೆ ಇಟ್ಟುಕೊಳ್ಳಬಾರದು.

ಇಷ್ಟು ದಿನ ಏಕೆ ಗೊತ್ತಾಗುವುದಿಲ್ಲ

ಪ್ಲಗ್ ಹಾಕಿ ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ, ಕಂಪ್ಯೂಟರ್ ಬಂದ್ ಆಗಿದ್ದರೂ, ಅದರ ಪವರ್ ಸಪ್ಲೈ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಗಡಿಯಾರದ ಭಾಗವು ಆ ಧಾರೆಯಿಂದಲೇ ನಡೆಯುತ್ತದೆ. ಸೆಲ್ ಕೆಲಸಕ್ಕೆ ಬರುವುದು ಗೋಡೆಯ ವಿದ್ಯುತ್ ಪೂರ್ತಿ ಕಡಿದಾಗ ಮಾತ್ರ. ಹೀಗಾಗಿ ಸೆಲ್ ಸತ್ತು ತಿಂಗಳುಗಳೇ ಕಳೆದಿದ್ದರೂ ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ. ಅರ್ಧ ಗಂಟೆಯ ಕಡಿತವನ್ನು ಯುಪಿಎಸ್ ತಡೆದುಕೊಳ್ಳುತ್ತದೆ, ಆಗಲೂ ಗೊತ್ತಾಗುವುದಿಲ್ಲ. ಯುಪಿಎಸ್ ಬರಿದಾಗುವಷ್ಟು ದೀರ್ಘವಾದ ಕಡಿತವಾದಾಗ ಮಾತ್ರ ಸತ್ತ ಸೆಲ್ಲಿನ ಮೇಲೆ ಭಾರ ಬೀಳುತ್ತದೆ, ಆ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ಆಮೇಲೆ ಬರುವ ಸೂಚನೆಯೂ ಒಂದೇ ಒಂದು ಸಲದ್ದು. ಮೂಲ ಸೆಟ್ಟಿಂಗನ್ನು ಉಳಿಸಿ ಹೊರಬಂದ ಮೇಲೆ ಬಯೋಸ್‌ನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿದೆ, ಮರುದಿನ ಆ ಬರಹ ಕಾಣುವುದಿಲ್ಲ. ಪಾಸ್‌ವರ್ಡ್ ಹೋಯಿತೆಂದು ಆ ಬರಹ ಹೇಳುವುದೂ ಇಲ್ಲ. ತಪ್ಪು ಕಂಡರೂ ನಿಲ್ಲದೆ ಮುಂದುವರಿಯುವಂತೆ ಸೆಟ್ ಮಾಡಿದ್ದ ಯಂತ್ರಗಳಲ್ಲಿ, ಅಥವಾ ಮಾನಿಟರ್ ಇಲ್ಲದೆ ಮೂಲೆಯಲ್ಲಿ ಕುಳಿತ ಸರ್ವರುಗಳಲ್ಲಿ, ಆ ಒಂದು ಸಲದ ಸೂಚನೆಯನ್ನೂ ಯಾರೂ ನೋಡುವುದಿಲ್ಲ. ದಿನಾಂಕವೊಂದು ಸಾಕ್ಷಿ ಹೇಳಬೇಕಷ್ಟೆ, ಆದರೆ ಲಿನಕ್ಸ್ ಯಂತ್ರಗಳು ಇಂಟರ್‌ನೆಟ್ ಸಿಕ್ಕ ಕೂಡಲೇ ಅದನ್ನು ತಾವಾಗಿ ತಿದ್ದಿಕೊಳ್ಳುತ್ತವೆ, ವಿಂಡೋಸ್ ಯಂತ್ರದಲ್ಲಿ ಮನುಷ್ಯರೇ ತಿದ್ದಿ ಮರೆತುಬಿಡುತ್ತಾರೆ.

ನಮ್ಮ ಕಡೆ ಇನ್ನೊಂದು ರೂಢಿಯೂ ಸೇರಿಕೊಳ್ಳುತ್ತದೆ. ಸಿಡಿಲಿಗೆ ಹೆದರಿ ಸಂಜೆ ಪ್ಲಗ್ಗನ್ನೇ ಕಿತ್ತಿಡುವುದು ಕೊಡಗಿನಲ್ಲಿ ಮನೆಮನೆಯ ಪದ್ಧತಿ, ಮತ್ತು ಅದು ಸರಿಯಾದ ಪದ್ಧತಿಯೇ. ಸುಟ್ಟುಹೋದ ಬೋರ್ಡಿಗಿಂತ ಖಾಲಿಯಾದ ಸೆಲ್ ಅಗ್ಗ. ಆದರೆ ಪ್ಲಗ್ ಕಿತ್ತ ಹೊತ್ತೆಲ್ಲ ಸೆಲ್ಲಿನ ಖರ್ಚು ನಡೆದಿರುತ್ತದೆ. ಈ ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪಿಯರ್ ಗಂಟೆ; ಗಡಿಯಾರದ ಭಾಗ 5 ಮೈಕ್ರೊಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೆ 44,000 ಗಂಟೆ, ಅಂದರೆ ಪ್ಲಗ್ ಇಲ್ಲದೆಯೇ ಇಟ್ಟ ಯಂತ್ರಕ್ಕೆ ಐದು ವರ್ಷ ಬರುತ್ತದೆ. ಇದು ಒಣ, ಶುಭ್ರ ಬೋರ್ಡಿನ ಲೆಕ್ಕ. ಆರು ತಿಂಗಳ ತೇವದಲ್ಲಿ ಧೂಳು ಹಸಿಯಾಗಿ ಬೋರ್ಡಿನ ಮೇಲೆ ಅಂಟಿಕೊಂಡರೆ ಅದರ ಮೂಲಕವೂ ಅಷ್ಟಿಷ್ಟು ವಿದ್ಯುತ್ ಸೋರುವುದರಿಂದ ಆಯುಷ್ಯ ಈ ಲೆಕ್ಕಕ್ಕಿಂತ ಕಡಿಮೆಯಾಗುತ್ತದೆ.

ಮೊದಲ ಹೆಜ್ಜೆ: ಈಗಾಗಲೇ ಹೀಗಾಗಿದೆಯೇ ಎಂದು ನೋಡುವುದು

ಕವಚ ಬಿಚ್ಚುವ ಮೊದಲು ಹಳೆಯ ದಾಖಲೆಯನ್ನು ಓದಿ. ವಿಂಡೋಸ್ ತಾನು ಮೊದಲಿನಿಂದ ಪೂರ್ತಿಯಾಗಿ ಶುರುವಾದ ಪ್ರತಿ ಸಲವೂ ಆ ಕ್ಷಣಕ್ಕೆ ಗಡಿಯಾರ ಏನು ಹೇಳುತ್ತಿತ್ತೋ ಅದನ್ನು ಬರೆದಿಡುತ್ತದೆ. ಆಮೇಲೆ ಯಾರು ದಿನಾಂಕ ತಿದ್ದಿದರೂ ಆ ಬರಹ ಬದಲಾಗುವುದಿಲ್ಲ. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೇಳಬೇಕು:

```
Get-WinEvent -MaxEvents 40 -FilterHashtable @{
  LogName='System'
  ProviderName='Microsoft-Windows-Kernel-General'
  Id=12
} | Format-List TimeCreated, Message
```

ತೋಟದ ಕಂಪ್ಯೂಟರಿನಲ್ಲಿ ಬಂದ ಸಾಲುಗಳಲ್ಲಿ ಎರಡರ ಒಳಗೆ `2015-12-31T18:32` ಎಂಬಂಥ ಸಮಯವಿತ್ತು, ಅವುಗಳ ಹಿಂದು ಮುಂದಿನ ಸಾಲುಗಳಲ್ಲೆಲ್ಲ ಸರಿಯಾದ ದಿನಾಂಕವಿತ್ತು. ಸಂದೇಶದೊಳಗಿನ ಸಮಯ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಅಂತರರಾಷ್ಟ್ರೀಯ ಸಮಯ. ಅದನ್ನು ಸೇರಿಸಿದರೆ 2016ರ ಜನವರಿ 1ರ ನಡುರಾತ್ರಿ ದಾಟಿ ಎರಡು ನಿಮಿಷ, ಅಂದರೆ ಗಡಿಯಾರ ಸೊನ್ನೆಯಿಂದ ಶುರುವಾಗಿ ಎರಡು ನಿಮಿಷದ ಮೇಲೆ ವಿಂಡೋಸ್ ಎದ್ದಿದೆ. ಅಂಥ ಸಾಲು ಎರಡು ಇದ್ದುದರಿಂದ ಎರಡು ಸಲ ಸೆಟ್ಟಿಂಗ್ ಅಳಿದಿದೆ ಎಂದು ಸ್ಪಷ್ಟವಾಯಿತು. ರೈಟರಿಗೂ ದಿನಾಂಕವನ್ನು ಎರಡು ಸಲ ತಿದ್ದಿದ್ದು ಆಗ ನೆನಪಿಗೆ ಬಂತು. ಬೇರೆ ಬೋರ್ಡಿನಲ್ಲಿ ಬೇರೆ ವರ್ಷ ಕಾಣಬಹುದು, ನೋಡಬೇಕಾದದ್ದು ಕಾಲ ಹಿಂದಕ್ಕೆ ಜಿಗಿದಿದೆಯೇ ಎಂಬುದನ್ನು.

ಲಿನಕ್ಸ್ ಇದ್ದಲ್ಲಿ ಇದೇ ಕೆಲಸವನ್ನು ಕೆಳಗಿನ ಸಾಲು ಮಾಡುತ್ತದೆ, ಇಂಟರ್‌ನೆಟ್ಟಿನಿಂದ ತಿದ್ದುವ ಮೊದಲು ಗಡಿಯಾರ ಏನಿತ್ತೆಂದು ತೋರಿಸುತ್ತದೆ:

```
journalctl _TRANSPORT=kernel | grep "setting system clock"
```

ಅದರ ಜೊತೆಗೆ ಈಗಿನ ಸ್ಥಿತಿಯನ್ನೂ ನೋಡಿ. ವಿಂಡೋಸ್‌ನಲ್ಲಿ `Confirm-SecureBootUEFI` ಎಂದರೆ `True` ಬರಬೇಕು, ಲಿನಕ್ಸ್‌ನಲ್ಲಿ `mokutil --sb-state` ಎಂದು ಕೇಳಬಹುದು. ಲಿನಕ್ಸ್‌ನ `/proc/driver/rtc` ಕಡತದಲ್ಲಿ `batt_status : okay` ಎಂದು ಕಂಡರೆ ಅದನ್ನು ಮಾತ್ರ ನಂಬಬೇಡಿ, ಏಕೆಂದರೆ ಇಂದಿನ ಇಂಟೆಲ್ ಚಿಪ್‌ಸೆಟ್ಟುಗಳಲ್ಲಿ ಆ ಉತ್ತರ ಹೊರಡುವ ಗುರುತನ್ನು ಯಾವಾಗಲೂ ಒಳ್ಳೆಯದೆಂದೇ ಹೇಳುವಂತೆ ಕಟ್ಟಿಹಾಕಲಾಗಿದೆ. ಕೊನೆಗೆ ಯಂತ್ರವನ್ನು ಮತ್ತೆ ಶುರು ಮಾಡಿ ಬಯೋಸ್ ಪುಟಕ್ಕೆ ಹೋಗಲು ಪ್ರಯತ್ನಿಸಿ, ಪಾಸ್‌ವರ್ಡ್ ಕೇಳುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಬೇಕು.

ಎರಡನೆಯ ಹೆಜ್ಜೆ: ಸೆಲ್ ತೆಗೆಯುವ ಮೊದಲು ಬರೆದಿಟ್ಟುಕೊಳ್ಳುವುದು

ಸೆಲ್ ಬದಲಿಸುವಾಗಲೂ ಅದೇ ಗುರುತು ಏಳುತ್ತದೆ, ಹಾಗಾಗಿ ಉಳಿದಿರುವ ಸೆಟ್ಟಿಂಗೂ ಅಳಿಯುತ್ತದೆಂದೇ ತಿಳಿದು ಕೆಲಸಕ್ಕೆ ಕೈಹಾಕಬೇಕು. ಬಯೋಸ್‌ನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಡಿಸ್ಕ್ `AHCI`, `RAID` ಮುಂತಾದವುಗಳಲ್ಲಿ ಯಾವ ವಿಧಾನದಲ್ಲಿದೆ, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಹೇಗಿವೆ, ಯಾವ ಸಾಧನದಿಂದ ಶುರುವಾಗಬೇಕು, ಕರೆಂಟ್ ಬಂದಾಗ ಯಂತ್ರ ತಾನಾಗಿ ಏಳಬೇಕೋ ಬೇಡವೋ ಎಂಬ ನಾಲ್ಕನ್ನು ಕಾಗದದ ಮೇಲೂ ಬರೆಯುವುದು ಒಳ್ಳೆಯದು.

ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಇದಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ಸೆಕ್ಯೂರ್ ಬೂಟ್ ನಿಂತರೆ ಅಥವಾ ಟಿಪಿಎಂ ಕಾಣದೆ ಹೋದರೆ ಬಿಟ್‌ಲಾಕರ್ ಡಿಸ್ಕನ್ನು ತೆರೆಯದೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿಲ್ಲದೆ, ಹಳೆಯ ಸೆಟ್ಟಿಂಗೂ ಮರಳದೆ ಹೋದರೆ ಡಿಸ್ಕಿನಲ್ಲಿರುವುದು ಯಾರಿಗೂ ಸಿಗದು, ನಿಮಗೂ ಸಿಗದು. ಮೊದಲ ಆಜ್ಞೆ ಕೀಯನ್ನು ತೋರಿಸುತ್ತದೆ, ಎರಡನೆಯದು ಕೆಲಸ ಮುಗಿಯುವವರೆಗೆ ಕಾವಲನ್ನು ತಡೆಹಿಡಿಯುತ್ತದೆ:

```
manage-bde -protectors -get C:
Suspend-BitLocker -MountPoint "C:" -RebootCount 0
```

ಕೆಲಸ ಮುಗಿದ ಮೇಲೆ `Resume-BitLocker -MountPoint "C:"` ಎಂದು ಮರೆಯದೆ ಕೊಡಬೇಕು, ಏಕೆಂದರೆ ಮೇಲಿನ ರೀತಿಯಲ್ಲಿ ತಡೆಹಿಡಿದ ಕಾವಲು ತಾನಾಗಿ ಮರಳುವುದಿಲ್ಲ.

ಮೂರನೆಯ ಹೆಜ್ಜೆ: ಸೆಲ್ ಬದಲಾವಣೆ

ಯಂತ್ರವನ್ನು ಬಂದ್ ಮಾಡಿ, ಯುಪಿಎಸ್‌ನಿಂದಲೂ ಬಿಡಿಸಿ, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಕವಚ ಬಿಚ್ಚಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿದ ಮೇಲೆಯೇ ಬೋರ್ಡಿಗೆ ಕೈ ಹಚ್ಚಬೇಕು. ಸೆಲ್ಲಿನ ಪಕ್ಕದಲ್ಲಿರುವ ಸಣ್ಣ ಪಟ್ಟಿಯನ್ನು ಹಿಂದಕ್ಕೆ ಒತ್ತಿದರೆ ಸೆಲ್ ಮೇಲಕ್ಕೆ ಏಳುತ್ತದೆ. ಸ್ಕ್ರೂಡ್ರೈವರಿನಿಂದ ಎಬ್ಬಿ ತೆಗೆದರೆ ಪಟ್ಟಿ ಬಾಗಿ ಹೊಸ ಸೆಲ್ಲಿಗೂ ಸಂಪರ್ಕ ಸಿಗದೆ ಹೋಗುತ್ತದೆ.

ತೆಗೆದ ಸೆಲ್ಲನ್ನು ಮಲ್ಟಿಮೀಟರಿನಲ್ಲಿ ಅಳೆಯಬಹುದು. ತೋಟದ ಯಂತ್ರದ್ದು 1.9 ವೋಲ್ಟ್ ತೋರಿಸಿತು, ಅಲ್ಲಿ ಅನುಮಾನವೇ ಉಳಿಯಲಿಲ್ಲ. ಆದರೆ 2.9 ಅಥವಾ 3.0 ತೋರಿಸಿದರೆ ಸೆಲ್ ಚೆನ್ನಾಗಿದೆ ಎಂದು ತೀರ್ಮಾನಿಸಬಾರದು. ಲಿಥಿಯಂ ಸೆಲ್ ತನ್ನ ಆಯುಷ್ಯದ ಬಹುಪಾಲು 3 ವೋಲ್ಟಿನ ಹತ್ತಿರವೇ ನಿಂತು ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ, ಮೀಟರ್ ಅದರ ಮೇಲೆ ಭಾರ ಹಾಕುವುದೂ ಇಲ್ಲ. ನನ್ನ ರೂಢಿಯಂತೆ 2.8ಕ್ಕಿಂತ ಕಡಿಮೆ ಇದ್ದರೆ ಕೂಡಲೇ, ಐದು ವರ್ಷ ದಾಟಿದ್ದರೆ ಅಳತೆ ಏನೇ ಇರಲಿ, ಬದಲಿಸುತ್ತೇನೆ.

ಹೊಸ ಸೆಲ್ ಕೊಳ್ಳುವಾಗ ಅಂಕಿಯನ್ನು ಓದಿ. ಸಿಆರ್ 2025 ಅಷ್ಟೇ ಅಗಲವಿದ್ದರೂ 2.5 ಮಿಲಿಮೀಟರ್ ದಪ್ಪದ್ದಾದ್ದರಿಂದ ಹಿಡಿಕೆಯಲ್ಲಿ ಸಡಿಲವಾಗುತ್ತದೆ. ಎಲ್‌ಐಆರ್ 2032 ಎಂಬುದು ಮತ್ತೆ ಚಾರ್ಜ್ ಮಾಡುವ, ಹೆಚ್ಚು ವೋಲ್ಟಿನ ಸೆಲ್, ಅದನ್ನು ಹಾಕಲೇಬಾರದು. ಅಧಿಕ ಗುರುತಿನ ಮುಖ ಮೇಲೆ ಬರುವಂತೆ ಕೂರಿಸಿ. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟುಬರಬೇಡಿ. ಮಕ್ಕಳು ನುಂಗಿದರೆ ಅದು ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ಲ್ಯಾಪ್‌ಟಾಪುಗಳಲ್ಲಿ ಈ ಸೆಲ್ ಹೆಚ್ಚಾಗಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಎರಡು ತಂತಿಯೊಡನೆ ಬರುತ್ತದೆ, ಅದೇ ಬಗೆಯದನ್ನೇ ತರಬೇಕು.

ನಾಲ್ಕನೆಯ ಹೆಜ್ಜೆ: ವಿಂಡೋಸ್ ತೆರೆಯುವ ಮೊದಲೇ ಸೆಟ್ಟಿಂಗ್ ಮರಳಿಸುವುದು

ಮೊದಲ ಸಲ ಹಾಕುವಾಗಲೇ ನೇರವಾಗಿ ಬಯೋಸ್ ಪುಟಕ್ಕೆ ಹೋಗಬೇಕು. ದಿನಾಂಕ ಸರಿಪಡಿಸಿ, ಡಿಸ್ಕಿನ ವಿಧಾನವನ್ನು ಬರೆದಿಟ್ಟಂತೆ ಮಾಡಿ, ಟಿಪಿಎಂ ತೆರೆದು, ಹಳೆಯ ವ್ಯವಸ್ಥೆಗಳಿಗೆಂದು ಇರುವ `CSM` ಅನ್ನು ಮುಚ್ಚಿ, ಆಮೇಲೆ ಸೆಕ್ಯೂರ್ ಬೂಟ್ ಹಾಕಿ. `CSM` ತೆರೆದಿದ್ದರೆ ಅನೇಕ ಬೋರ್ಡುಗಳು ಸೆಕ್ಯೂರ್ ಬೂಟನ್ನು ಹಾಕಲು ಬಿಡುವುದಿಲ್ಲ, ಅದಕ್ಕೇ ಈ ಅನುಕ್ರಮ. ಸೆಕ್ಯೂರ್ ಬೂಟ್ ಪುಟದಲ್ಲಿ `Setup Mode` ಎಂದು ಕಂಡರೆ ಅದರ ಕೀಗಳು ಇಲ್ಲವೆಂದು ಅರ್ಥ. ಅದೇ ಪುಟದಲ್ಲಿ ಕಾರ್ಖಾನೆಯ ಕೀಗಳನ್ನು ಮರಳಿ ತುಂಬುವ ಆಯ್ಕೆ ಇರುತ್ತದೆ. ಸಾಮಾನ್ಯವಾಗಿ ಕೀಗಳು ಫ್ಲಾಶ್‌ನಲ್ಲಿ ಹಾಗೆಯೇ ಉಳಿದಿದ್ದು, ಹಾಕು ಬಿಡು ಎಂಬ ಸ್ವಿಚ್ಚು ಮಾತ್ರ ಹಿಂದಕ್ಕೆ ಹೋಗಿರುತ್ತದೆ.

ಶುರುವಾಗುವ ಸಾಧನಗಳ ಪಟ್ಟಿಯಲ್ಲಿ ಡಿಸ್ಕನ್ನು ಮಾತ್ರ ಉಳಿಸಿ, ತಪ್ಪು ಕಂಡಾಗ `F1`ಗಾಗಿ ಕಾಯುವ ಆಯ್ಕೆಯನ್ನು ತೆರೆದಿಡಿ. ಅಡ್ಮಿನ್ ಪಾಸ್‌ವರ್ಡನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟು, ಉಳಿಸಿ ಹೊರಬನ್ನಿ.

ಐದನೆಯ ಹೆಜ್ಜೆ: ಪ್ಲಗ್ ಕಿತ್ತು ಪರೀಕ್ಷಿಸುವುದು

ಸೆಲ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇದೊಂದೇ ನಂಬಬಹುದಾದ ದಾರಿ. ಯಂತ್ರ ಬಂದ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಉಳಿದ ವಿದ್ಯುತ್ತನ್ನು ಬರಿದು ಮಾಡಿ, ಕಾಲು ಗಂಟೆ ಬಿಡಿ. ಮತ್ತೆ ಹಾಕಿದಾಗ ಬಯೋಸ್ ಪಾಸ್‌ವರ್ಡ್ ಕೇಳಬೇಕು, ಒಳಗೆ ಸಮಯ ನಿಮ್ಮ ಕೈಗಡಿಯಾರಕ್ಕೆ ಹೊಂದಬೇಕು. ಇದನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಬರೆದಿಟ್ಟ ಕಾಗದ ಮತ್ತು ರಿಕವರಿ ಕೀ ಕೈಯಲ್ಲಿಟ್ಟುಕೊಂಡು ಮಾಡಬೇಕು. ಸೆಲ್ ಸತ್ತಿದ್ದರೆ ಈ ಪರೀಕ್ಷೆಯೇ ಸೆಟ್ಟಿಂಗನ್ನು ಅಳಿಸುತ್ತದೆ, ಆದರೆ ಆಗ ನೀವು ಎದುರಿಗೇ ಇರುತ್ತೀರಿ.

ಈ ಬೀಗದ ಮಿತಿ

ಸೆಲ್ ತೆಗೆದರೆ ಅಳಿಯುವ ಪಾಸ್‌ವರ್ಡ್, ಸ್ಕ್ರೂಡ್ರೈವರ್ ಹಿಡಿದವನನ್ನು ತಡೆಯುವುದಿಲ್ಲ. ತೋಟದ ಕಂಪ್ಯೂಟರಿನಲ್ಲಿ ಆಳುಗಳ ಆಧಾರ್ ಪ್ರತಿಗಳು ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳಿದ್ದವು, ಡಿಸ್ಕಿಗೆ ಗೂಢಲಿಪಿ ಇರಲಿಲ್ಲ. ಆ ಒಂದೂವರೆ ತಿಂಗಳಲ್ಲಿ ಯಾರಾದರೂ ಪೆನ್ ಡ್ರೈವ್‌ನಿಂದ ಬೇರೆ ವ್ಯವಸ್ಥೆ ಶುರು ಮಾಡಿ ಅವನ್ನೆಲ್ಲ ನಕಲು ಮಾಡಿದ್ದರೂ ವಿಂಡೋಸ್‌ನ ದಾಖಲೆಯಲ್ಲಿ ಒಂದು ಗೆರೆಯೂ ಬೀಳುತ್ತಿರಲಿಲ್ಲ. ಹೀಗಾಯಿತೆನ್ನಲು ನಮಗೆ ಯಾವ ಕುರುಹೂ ಸಿಗಲಿಲ್ಲ, ಆಗಿಲ್ಲವೆಂದು ತೋರಿಸುವ ದಾರಿಯೂ ಇರಲಿಲ್ಲ. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಆದ್ದರಿಂದ ಸೆಲ್ ಬದಲಿಸಿದ ದಿನವೇ ಬಿಟ್‌ಲಾಕರ್ ಹಾಕಿದೆವು. ಡಿಸ್ಕನ್ನು ಮುಚ್ಚುವುದರ ಜೊತೆಗೆ ಅದು ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆ ಬೋರ್ಡಿನ ಮೂಲಸ್ಥಿತಿಯಲ್ಲಿ ಟಿಪಿಎಂ ಮುಚ್ಚಿರುವುದರಿಂದ, ಮುಂದೆ ಸೆಲ್ ಸತ್ತು ಸೆಟ್ಟಿಂಗ್ ಅಳಿದರೆ ವಿಂಡೋಸ್ ತೆರೆಯದೆ ರಿಕವರಿ ಕೀ ಕೇಳಿ ನಿಲ್ಲುತ್ತದೆ. ಆಗ ದಿನಾಂಕ ತಿದ್ದಿ ಮುಂದೆ ಹೋಗಲು ಯಾರಿಗೂ ಸಾಧ್ಯವಿಲ್ಲ. ಇದಕ್ಕೂ ಒಂದು ಎಲ್ಲೆಯಿದೆ: ಮೂಲಸ್ಥಿತಿಯಲ್ಲೂ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ತೆರೆದೇ ಇರುವ ಬೋರ್ಡಿನಲ್ಲಿ ಪಾಸ್‌ವರ್ಡ್ ಮಾತ್ರ ಅಳಿದರೆ ಬಿಟ್‌ಲಾಕರ್‌ಗೆ ಅದು ತಿಳಿಯುವುದಿಲ್ಲ, ಅಲ್ಲಿ ಮೇ ತಿಂಗಳ ಪರೀಕ್ಷೆಯೇ ಬೇಕು.

ರಿಕವರಿ ಕೀಯ ಪ್ರತಿ ಈಗ ತೋಟದ ಯಜಮಾನರ ಮನೆಯ ಬೀರುವಿನಲ್ಲಿದೆ, ಕಚೇರಿಯಲ್ಲಿಲ್ಲ. ಸೆಲ್ ಹಾಕಿದ ತಿಂಗಳು ಮತ್ತು ವರ್ಷವನ್ನು ಪೆಟ್ಟಿಗೆಯ ಕವಚದ ಒಳಬದಿಗೆ ಅಂಟಿಸಿದ್ದೇವೆ. ಕೀಬೋರ್ಡಿನ ಮೇಲಿನ ಗೋಡೆಗೆ ರೈಟರ್ ತಾವೇ ಒಂದು ಚೀಟಿ ಬರೆದು ಹಚ್ಚಿದ್ದಾರೆ: "ಡೇಟ್ ಹಿಂದೆ ಹೋಗಿದ್ದರೆ ತಿದ್ದಬೇಡಿ, ಫೋನ್ ಮಾಡಿ."